ಸರ್ಪಸುತ್ತಿಗೆ ಮುಲಾಮು ತಿಕ್ಕಬೇಡಿ

ನೋವು ಅಂದ ಕೂಡಲೇ ಮುಲಾಮು ಹುಡುಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಅಂಗಿ ಎತ್ತಿ ನೋಡಬೇಕು, ಅಲ್ವಾ?

ನಮ್ಮ ಯಜಮಾನರು ಎರಡು ದಿನದಿಂದ ಬಲ ಪಕ್ಕೆ ಉರಿ ಅಂತಿದ್ದರು. ಬನಿಯನ್ ತಾಗಿದರೂ ಸೂಜಿ ಚುಚ್ಚಿದ ಹಾಗೆ. ಮಗ, ಎಲ್ಲೋ ಉಳುಕಿರಬೇಕು ಅಂತ ಗಸಗಸ ತಿಕ್ಕಿದ. ಮೂರನೇ ದಿನ ಬೆಳಿಗ್ಗೆ ನಾನೇ ಅವರನ್ನು ಕಿಟಕಿ ಹತ್ತಿರ ನಿಲ್ಲಿಸಿ ನೋಡಿದೆ. ಬೆನ್ನುಮೂಳೆಯ ಪಕ್ಕದಿಂದ ಮುಂದಕ್ಕೆ ಒಂದು ಕೆಂಪು ಪಟ್ಟಿ. ಅದರ ಮೇಲೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆ, ಗೊಂಚಲು ಗೊಂಚಲಾಗಿ. ಹೊಟ್ಟೆಯ ನಡುವಿಗೆ ಬಂದು ನಿಂತುಬಿಟ್ಟಿತ್ತು. ಎಡಗಡೆ ಒಂದೂ ಇಲ್ಲ.

"ಇದು ಸರ್ಪಸುತ್ತು ಕಣ್ರೀ, ಏಳಿ, ಡಾಕ್ಟರ ಹತ್ತಿರ ಹೋಗೋಣ" ಅಂದೆ. ನಮ್ಮಮ್ಮನಿಗೂ ಹೀಗೇ ಒಂದೇ ಮಗ್ಗುಲಿಗೆ ಬಂದಿತ್ತು. ಸುಮ್ನೆ ವಾರ ಕಳೆದೆವು. ಗುಳ್ಳೆ ಒಣಗಿದ ಮೇಲೂ ಆ ಉರಿ ತಿಂಗಳುಗಟ್ಟಲೆ ಕಾಡಿತು.

ಡಾಕ್ಟರೂ ಅದನ್ನೇ ಹೇಳಿದರು. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್ ಪಾಕ್ಸ್ ವೈರಸ್ ನರದ ಬೇರಿನಲ್ಲಿ ಮಲಗಿರುತ್ತದಂತೆ. ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಎದ್ದು ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಅದಕ್ಕೇ ಅದು ಒಂದೇ ಪಕ್ಕ. ಮಾತ್ರೆಯನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಇವರ ಕಿಡ್ನಿ ಹೇಗಿದೆ ಅಂತ ನೋಡಿಯೇ ಅಸೈಕ್ಲೊವಿರ್ ಬರೆದರು, ದಿನಕ್ಕೆ ಐದು ಸಲ, ಏಳು ದಿನ. ಹಣೆ, ಕಣ್ಣು, ಮೂಗಿನ ತುದಿಗೆ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಕಣ್ಣೇ ಹೋಗಬಹುದು.

ಉರಿಗೆ ನಾನು ನಂಬುವುದು ತಣ್ಣೀರು ಬಟ್ಟೆಯನ್ನು. ಹಳೇ ಕಾಟನ್ ಪಂಚೆಯೇ ಆಗಬೇಕು, ಒಗೆದೊಗೆದು ಬೆಣ್ಣೆಯಂತೆ ಆದದ್ದು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ ತುಂಡು ಮಾಡಿ, ಹೊಲಿಗೆಯ ಅಂಚು ಕತ್ತರಿಸಿಬಿಡಿ. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಹಗುರವಾಗಿ ಹಾಸಿ. ಒತ್ತಬೇಡಿ, ಐಸ್ ಇಡಬೇಡಿ. ಬಟ್ಟೆ ಮೈಬಿಸಿಗೆ ಬೆಚ್ಚಗಾದರೆ ಮತ್ತೆ ಅದ್ದಿ. ಕಾಲು ಗಂಟೆ ಸಾಕು. ಆಮೇಲೆ ಒರೆಸದೆ, ಒಣ ಬಟ್ಟೆ ಮುಟ್ಟಿಸಿ ನೀರು ಹೀರಿಸಿ. ಪ್ರತಿ ಸಲ ಹೊಸ ತುಂಡು. ಅದನ್ನು ಮನೆಮಂದಿಯ ಬಟ್ಟೆ ಜೊತೆ ಬಕೆಟ್ಟಿಗೆ ಎಸೆಯಬೇಡಿ, ಬೇರೆಯಾಗಿ ಬಿಸಿನೀರಲ್ಲಿ ಒಗೆಯಿರಿ. ಈಗಿನವರು ಒಳ ಉಡುಪು, ಪಾತ್ರೆ ಒರೆಸುವ ಬಟ್ಟೆ ಎಲ್ಲಾ ಒಂದೇ ಮೆಷಿನ್‌ಗೆ ತುರುಕುತ್ತಾರೆ, ಅದೂ ಬಿಡಿ.

ಸೂಜಿಯಿಂದ ಗುಳ್ಳೆ ಒಡೆಯಲು ಹೋದ ಮಗನ ಕೈ ಹಿಡಿದೆ. ಆ ನೀರು ತಾಗಿದರೆ ಚಿಕನ್ ಪಾಕ್ಸ್ ಬಾರದವರಿಗೆ ಅದು ಹತ್ತುತ್ತದೆ. ಸೊಸೆ ಬಸುರಿ, ಅವಳಿಗೆ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ಅವಳನ್ನು ಆ ಕೋಣೆಗೆ ಬಿಡಲಿಲ್ಲ.

ಹತ್ತು ದಿನಕ್ಕೆ ಹಕ್ಕಳೆ ಕಟ್ಟಿತು. ಉರಿ ಇಳಿಯಲು ಇನ್ನೂ ಮೂರು ವಾರ ಹಿಡಿಯಿತು. ಅಷ್ಟು ದಿನವೂ ಯಜಮಾನರು ಹೊಲಿಗೆ ತಾಗದ ಹಾಗೆ ಬನಿಯನ್ ತಿರುವಿ ಹಾಕಿಕೊಳ್ಳುತ್ತಿದ್ದರು.