ಹನ್ನೊಂದು ಕಂತಿನ ಚಿನ್ನ: ಕಾಸರಗೋಡಿನ ಅಂಗಡಿಯಲ್ಲಿ ಚೀಟಿಗೆ ಸೇರುವ ಮುನ್ನ

ಮದುವೆಗೆ ಚಿನ್ನ ಮಾಡಿಸುವವರಿಗೆ ಕಾಸರಗೋಡು, ಕುಂಬಳೆ, ಉಪ್ಪಳದ ದೊಡ್ಡ ಅಂಗಡಿಗಳಲ್ಲಿ ಮೊದಲು ಸಿಗುವ ಸಲಹೆ ಮಾಸಿಕ ಕಂತಿನ ಯೋಜನೆ. ಪಾಸ್‌ಪುಸ್ತಕ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ ನಮ್ಮವರು ಅನೇಕರು ಹಿಂಬದಿಯ ಷರತ್ತುಗಳನ್ನು ಓದದೆ ಸಹಿ ಹಾಕುತ್ತಾರೆ. ದುಡ್ಡಿನ ಲೆಕ್ಕ ನಿಂತಿರುವುದೇ ಆ ಪುಟದ ಮೇಲೆ. ಮಲಯಾಳ ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಂತು ಹನ್ನೊಂದೇ ಏಕೆ? ಕಂಪನಿಯಾಗಿ ನೋಂದಾದ ಅಂಗಡಿ ಸರಕಿಗೆಂದು ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿಗೆ ಹೊಂದಿಸಬೇಕು. ದಾಟಿದರೆ ಕಾನೂನಿನ ಕಣ್ಣಿಗೆ ಅದು ಠೇವಣಿ. ಆದ್ದರಿಂದ ಹನ್ನೊಂದು ತಿಂಗಳು ಕಟ್ಟಿಸಿಕೊಂಡು, ವರ್ಷ ತುಂಬುವುದರೊಳಗೆ ಚಿನ್ನ ಕೊಂಡೊಯ್ಯಲು ಹೇಳುತ್ತಾರೆ. ಇದು ಬ್ಯಾಂಕ್ ಠೇವಣಿಯಲ್ಲ, ಠೇವಣಿ ವಿಮೆಯೂ ಇಲ್ಲ. ಅಂಗಡಿ ಮುಚ್ಚಿದರೆ ನೀವು ಅಂಗಡಿಗೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾದೀತು. ಪೂರ್ತಿ ಮದುವೆ ಚಿನ್ನವನ್ನು ಒಂದೇ ಅಂಗಡಿಯ ಕಂತಿಗೆ ಹಾಕಬೇಡಿ.

ಮೊದಲ ದಿನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಜಮೆಯಾಗುವುದು ಹಣವೋ, ತೂಕವೋ? ತಿಂಗಳಿಗೆ ₹18,000 ಕಟ್ಟುತ್ತೀರಿ ಎನ್ನಿ. ಲೆಕ್ಕಕ್ಕಾಗಿ, ಮೊದಲ ಐದು ತಿಂಗಳು ಗ್ರಾಮಿಗೆ ₹9,000, ಉಳಿದ ಆರು ತಿಂಗಳು ₹10,000 ಇತ್ತು ಎಂದಿಟ್ಟುಕೊಳ್ಳೋಣ. ತೂಕದ ಯೋಜನೆಯಲ್ಲಿ ಮೊದಲು 10 ಗ್ರಾಮ್, ನಂತರ 10.8, ಒಟ್ಟು 20.8 ಗ್ರಾಮ್ ನಿಮ್ಮ ಹೆಸರಿಗೆ ಕೂಡುತ್ತದೆ. ಹಣದ ಯೋಜನೆಯಲ್ಲಿ ಇರುವುದು ₹1,98,000 ಮಾತ್ರ. ಕೊಳ್ಳುವ ದಿನ ದರ ₹11,000 ಆಗಿದ್ದರೆ ಅದಕ್ಕೆ ಬರುವುದು 18 ಗ್ರಾಮ್. ದರ ₹8,500ಕ್ಕೆ ಇಳಿದಿದ್ದರೆ 23 ಗ್ರಾಮಿಗೂ ಮೇಲೆ. ಮದುವೆಗೆ ಇಷ್ಟು ಪವನ್ ಬೇಕೇ ಬೇಕು ಎಂದು ನಿಶ್ಚಯಿಸಿದ ಮನೆಗೆ ತೂಕದ ಯೋಜನೆಯೇ ಸರಿ. ದರ ಏರಿದರೂ ನಿದ್ದೆ ಕೆಡುವುದಿಲ್ಲ.

ತೂಕದ ಯೋಜನೆಯಲ್ಲಿ ಕಂತು ತಡವಾದರೆ ಹಣ ಜಮೆಯಾದ ದಿನದ ದರವೇ ಅನ್ವಯ. ಕಂತು ತಪ್ಪಿದರೆ ಮಜೂರಿ ರಿಯಾಯಿತಿಯನ್ನೇ ಕಳೆಯುವ ಅಂಗಡಿಗಳೂ ಇವೆ. ಅಂಗಡಿಯ ನೆನಪಿನ ಎಸ್ಸೆಮ್ಮೆಸ್ಸನ್ನು ನಂಬಿ ಕೂರದೆ ಯುಪಿಐ ಆಟೋಪೇ ಹಾಕುವವರು ಹೆಚ್ಚಿದ್ದಾರೆ, ಒಳ್ಳೆಯದೇ. ಆದರೆ ಇಂಥ ಕಂತುಗಳಲ್ಲಿ ₹15,000 ಮೀರಿದ್ದು ತನ್ನಿಂದ ತಾನೇ ಹೋಗುವುದಿಲ್ಲ. ಪ್ರತಿ ತಿಂಗಳೂ ಪಿನ್ ಒತ್ತಿ ಒಪ್ಪಿಗೆ ಕೊಡಬೇಕು. ಹಿಂದಿನ ದಿನ ಬರುವ ಸೂಚನೆಯನ್ನು ನೋಡದೆ ಬಿಟ್ಟರೆ ಕಂತು ನಿಂತೇ ಹೋಗುತ್ತದೆ. ₹18,000ದ ಬದಲು ₹9,000ದ ಎರಡು ಪಾಸ್‌ಪುಸ್ತಕ ಮಾಡಿಸಿದರೆ ಈ ತೊಡಕಿಲ್ಲ. ಸಂಬಳ ಅಥವಾ ಅಡಿಕೆ ದುಡ್ಡು ಕೈಗೆ ಬರುವ ತಾರೀಕಿನ ಮೂರ್ನಾಲ್ಕು ದಿನದ ನಂತರಕ್ಕೆ ಕಂತಿನ ದಿನ ಇಡಿಸಿ, ಪ್ರತಿ ತಿಂಗಳೂ ರಸೀದಿಯಲ್ಲಿ ಆ ದಿನದ ದರ ಮತ್ತು ಗ್ರಾಮ್ ಎರಡೂ ಬರೆದಿದೆಯೇ ನೋಡಿ.

ಇನ್ನು ದಿನಗಳ ಲೆಕ್ಕ. ಆಟಿ ಕಳೆದು ಚಿಂಗಂ ಬಂದೊಡನೆ ಇಲ್ಲಿ ಮದುವೆಗಳ ಸಾಲು, ಅಕ್ಕಸಾಲಿಗರ ಕೈ ಬಿಡುವಿರುವುದಿಲ್ಲ. ಸೆಪ್ಟೆಂಬರ್ 10ಕ್ಕೆ ಮೊದಲ ಕಂತು ಕಟ್ಟಿದರೆ ಹನ್ನೊಂದನೆಯದು ಜುಲೈ 10ಕ್ಕೆ ಮುಗಿಯುತ್ತದೆ. ಆದರೆ 330 ದಿನ ತುಂಬದೆ ಚಿನ್ನ ಕೊಡೆವು ಎಂಬ ಷರತ್ತಿದ್ದರೆ ಆಗಸ್ಟ್ 6ರವರೆಗೆ ಕಾಯಬೇಕು. ಅಂದು ವಿನ್ಯಾಸ ಕೊಟ್ಟು, ಮಾಡಲು ಮೂರು ವಾರ ಹಿಡಿದರೆ ಆಗಸ್ಟ್ 27 ಆಯಿತು. ತಿಂಗಳ ಕೊನೆಯಲ್ಲಿ ಮುಹೂರ್ತ ಇದ್ದವರಿಗೆ ಇದು ಕುತ್ತಿಗೆಗೆ ಬರುವ ಲೆಕ್ಕ. ಆದ್ದರಿಂದ ಕೊನೆಯ ಕಂತಿನ ದಿನವೇ, ಆಟಿ ಶುರುವಾಗುವ ಮುನ್ನ, ವಿನ್ಯಾಸ ಮತ್ತು ಅಳತೆ ಕೊಟ್ಟು ಆರ್ಡರ್ ಚೀಟಿಯಲ್ಲಿ ತೂಕ, ಮಜೂರಿಯ ಶೇಕಡಾವಾರು, ಕೊಡುವ ತಾರೀಕು ಬರೆಸಿಕೊಳ್ಳಿ.

ಕೊನೆಯ ಬಿಲ್ಲಿನಲ್ಲಿ ಜನ ಬೆಚ್ಚಿಬೀಳುವುದು ಪಣಿಕ್ಕೂಲಿ ಎಂಬ ಮಜೂರಿಯ ಸಾಲನ್ನು ನೋಡಿ. ಯೋಜನೆಯಲ್ಲಿ 12% ಮಜೂರಿ ಮಾಫಿ, ನೀವು ಆರಿಸಿದ ಸರಕ್ಕೆ 18% ಎಂದಾದರೆ ಹೆಚ್ಚಿನ 6% ನಿಮ್ಮದು. ಮೇಲಿನ 20.8 ಗ್ರಾಮಿಗೆ ₹11,000ದಂತೆ ಬೆಲೆ ₹2,28,800, ಅದರ 6% ₹13,728. ಇವೆರಡರ ಮೊತ್ತದ ಮೇಲೆ 3% ಜಿಎಸ್‌ಟಿ, ಸುಮಾರು ₹7,276. ಸುಮಾರು ₹21,000 ಕೈಯಲ್ಲಿಟ್ಟುಕೊಂಡೇ ಹೋಗಬೇಕು. ಬಿಲ್ ₹2 ಲಕ್ಷ ದಾಟುವುದರಿಂದ ಪ್ಯಾನ್ ಕಾರ್ಡ್ ಬೇಕು. ಒಂದೇ ವ್ಯವಹಾರಕ್ಕೆ ₹2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಕಂತಾಗಿ ಒಡೆದರೂ ಅಷ್ಟೇ. ಹನ್ನೊಂದು ಕಂತನ್ನೂ ನಗದಾಗಿ ಕಟ್ಟಿದ್ದರೆ ಕೊನೆಯ ₹21,000 ನಗದನ್ನು ಅಂಗಡಿಯವರು ಬೇಡವೆನ್ನುತ್ತಾರೆ. ಮೊದಲಿನಿಂದಲೇ ಬ್ಯಾಂಕ್ ಮೂಲಕ ಕಟ್ಟಿ.

ಒಡವೆ ಕೈಗೆ ಬಂದಾಗ ಅದರ ಮೇಲಿನ ಆರು ಅಕ್ಷರ-ಅಂಕೆಗಳ ಹಾಲ್‌ಮಾರ್ಕ್ ಗುರುತಾದ ಎಚ್‌ಯುಐಡಿಯನ್ನು `BIS Care` ಆ್ಯಪಿನಲ್ಲಿ ಅಲ್ಲೇ ಹಾಕಿ ನೋಡಿ. ಹೊಂದದಿದ್ದರೆ ತೆಗೆದುಕೊಳ್ಳಬೇಡಿ. ಲೆಕ್ಕದಲ್ಲೋ ತಾರೀಕಿನಲ್ಲೋ ಮಾತು ತಪ್ಪಿದರೆ ಮೊದಲು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು; ಪಾಸ್‌ಪುಸ್ತಕ, ಪ್ರತಿ ತಿಂಗಳ ರಸೀದಿ, ಆರ್ಡರ್ ಚೀಟಿ ಜೊತೆಗಿರಲಿ.