ಲಾಡ್ಜ್ ಬಿಲ್ ಕಳೆದಾಗ ಕ್ಲೇಮ್ ಮೇಲ್: ನಾನು ಬರೆಯುವ ರೀತಿ

ಹುಬ್ಬಳ್ಳಿಯಿಂದ ಗದಗಿಗೆ ಟೂರ್, ಲಾಡ್ಜಿನಲ್ಲಿ ಒಂದು ರಾತ್ರಿ, ಬಾಡಿಗೆ 1,200 ರೂಪಾಯಿ. ಯುಪಿಐನಲ್ಲಿ ಕೊಟ್ಟಾಗಿದೆ, ಬಿಲ್ ಇಲ್ಲ. ಇಂಥ ಕ್ಲೇಮಿಗೆ ಬರೀ ಸ್ಕ್ರೀನ್‌ಶಾಟ್ ಕಳಿಸಿದರೆ ಅಕೌಂಟ್ಸಿನವರು ವಾಪಸ್ ಕಳಿಸುವುದು ಹೆಚ್ಚು. ದುಡ್ಡು ಹೋಯಿತು ಅಂತ ಅದು ಹೇಳುತ್ತದೆ, ಯಾತಕ್ಕೆ ಹೋಯಿತು ಅಂತ ಹೇಳುವುದಿಲ್ಲ. ಸಣ್ಣ ಲಾಡ್ಜುಗಳ ಕ್ಯೂಆರ್‌ನಲ್ಲಿ ಎಷ್ಟೋ ಸಲ ಮಾಲೀಕರ ಹೆಸರಷ್ಟೇ ಬರುತ್ತದೆ. ಓದುವವರಿಗೆ ಅದು ಗೆಳೆಯರಿಗೆ ಹಾಕಿದ ದುಡ್ಡಿನಂತೆಯೂ ಕಾಣಬಹುದು.

ಹಾಗಾಗಿ ಮೇಲ್ ಬರೆಯುವ ಮೊದಲು ಲಾಡ್ಜಿಗೇ ಫೋನ್ ಮಾಡುತ್ತೇನೆ. ಕೈಬರಹದ ಬಿಲ್ ಬುಕ್ ಇದ್ದರೆ ಕಾರ್ಬನ್ ಪ್ರತಿ ಅವರ ಹತ್ತಿರವೇ ಉಳಿದಿರುತ್ತದೆ. ಅದರ ಫೋಟೊ, ಸಾಧ್ಯವಾದರೆ 'ನಕಲು' ಎಂದು ಬರೆದು ಸೀಲ್ ಹಾಕಿದ್ದು, ವಾಟ್ಸಾಪ್‌ನಲ್ಲಿ ಕೇಳುತ್ತೇನೆ. ಅದೂ ಆಗದಿದ್ದರೆ ರಿಜಿಸ್ಟರಿನಲ್ಲಿ ನನ್ನ ಹೆಸರಿರುವ ಸಾಲಿನ ಫೋಟೊ. ಉಳಿದವರ ಹೆಸರು, ನಂಬರು ಕಾಗದದಿಂದ ಮುಚ್ಚಿ ತೆಗೆಯಲು ಹೇಳಬೇಕು.

ಪಾವತಿಗೆ ಸ್ಕ್ರೀನ್‌ಶಾಟ್‌ಗಿಂತ ಬ್ಯಾಂಕ್ ಸ್ಟೇಟ್‌ಮೆಂಟ್ ಗಟ್ಟಿ. ಆ ಒಂದೇ ದಿನದ ಪಿಡಿಎಫ್ ಡೌನ್‌ಲೋಡ್ ಮಾಡಿದರೆ ಸಂಬಳ, ಸಾಲದ ಸಾಲುಗಳನ್ನು ಮುಚ್ಚುವ ಕೆಲಸ ತಪ್ಪುತ್ತದೆ. ಜೊತೆಗೆ ಆ ಪಾವತಿಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ. ಆ್ಯಪ್ ತೋರಿಸುವ ಬೇರೆ ಟ್ರಾನ್ಸಾಕ್ಷನ್ ಐಡಿ ಬರೆದರೆ ಸ್ಟೇಟ್‌ಮೆಂಟಿನಲ್ಲಿ ಹುಡುಕಿದವರಿಗೆ ಅದು ಸಿಗದೆ ಹೋಗಬಹುದು.

ಇಷ್ಟಾದ ಮೇಲೆ ಮೇಲ್:

ವಿಷಯ: ಗದಗ ಟೂರ್, ಜೂನ್ 12, ಲಾಡ್ಜ್ ಬಾಡಿಗೆ ₹1,200: ಮೂಲ ಬಿಲ್ ಇಲ್ಲ

ಸರ್,
ಜೂನ್ 12ರ ರಾತ್ರಿ ಕಂಪನಿ ಕೆಲಸಕ್ಕೆ ಗದಗಿನಲ್ಲಿ ಉಳಿದಿದ್ದೆ. ಲಾಡ್ಜಿನ ಮೂಲ ಬಿಲ್ ಪ್ರಯಾಣದಲ್ಲಿ ಕಳೆದಿದೆ. ಬದಲಿಗೆ ಇವನ್ನು ಲಗತ್ತಿಸಿದ್ದೇನೆ: ಲಾಡ್ಜ್ ಕೊಟ್ಟ ನಕಲು ಬಿಲ್, ಆ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ (ಯುಟಿಆರ್ ಸಂಖ್ಯೆಗೆ ಗುರುತು ಹಾಕಿದ್ದೇನೆ), ಟೂರ್ ಮಂಜೂರಾತಿ. ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರು ಲಾಡ್ಜಿನ ಮಾಲೀಕರದ್ದು. ಈ ಮೊತ್ತವನ್ನು ಬೇರೆಲ್ಲೂ ಕ್ಲೇಮ್ ಮಾಡಿಲ್ಲ. ಮೂಲ ಬಿಲ್ ಸಿಕ್ಕರೂ ಮತ್ತೆ ಕ್ಲೇಮ್ ಮಾಡುವುದಿಲ್ಲ. ಇನ್ನೇನಾದರೂ ಬೇಕಿದ್ದರೆ ತಿಳಿಸಿ.

ಕಳೆದದ್ದಕ್ಕೆ ಒಂದೇ ವಾಕ್ಯ ಸಾಕು. ಬ್ಯಾಗ್ ಹೇಗೆ ಒದ್ದೆಯಾಯಿತು ಅಂತ ಕಥೆ ಹೇಳಿದಷ್ಟೂ ಅನುಮಾನ. ಮಾಲೀಕರ ಹೆಸರಿನ ವಾಕ್ಯ ಮಾತ್ರ ಬಿಡಬಾರದು. ಅಕೌಂಟ್ಸಿನವರು ಕೇಳುವ ಮೊದಲೇ ನಾವು ಹೇಳಿಬಿಡಬೇಕು. ಬಿಲ್‌ನ ಮೊತ್ತಕ್ಕೂ ಸ್ಟೇಟ್‌ಮೆಂಟಿನ ಮೊತ್ತಕ್ಕೂ ತಾಳೆಯಾಗದಿದ್ದರೆ, ಉದಾಹರಣೆಗೆ ಊಟ ಸೇರಿ 1,350 ಹೋಗಿದ್ದರೆ, 150ರ ಲೆಕ್ಕವನ್ನೂ ಅಲ್ಲೇ ಬರೆಯುವುದು.

ನಗದು ಕೊಟ್ಟಿದ್ದರೆ ಎಟಿಎಂ ಚೀಟಿ ಲಗತ್ತಿಸಿ ಪ್ರಯೋಜನವಿಲ್ಲ. ದುಡ್ಡು ತೆಗೆದದ್ದಕ್ಕೆ ಅದು ಸಾಕ್ಷಿ, ಲಾಡ್ಜಿಗೆ ಕೊಟ್ಟದ್ದಕ್ಕಲ್ಲ. ಆಗ ಆ ಕಾರ್ಬನ್ ಪ್ರತಿಯೇ ಗತಿ.