ಮುರಿದ ಕಪ್ಲರ್‌ನ ಫೋಟೊ ನೋಡಿ ಹೊಸದನ್ನು ಗುರುತಿಸುವುದು

ಜಗಳೂರಿನಲ್ಲಿ ಮಿಕ್ಸಿಯ ಕಪ್ಲರ್, ಅಂದರೆ ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ಹಲ್ಲಿನ ಬಿಲ್ಲೆ, ಮುರಿದಿದೆ, ಬಿಡಿಭಾಗದ ಅಂಗಡಿ ಇರುವುದು ದಾವಣಗೆರೆಯಲ್ಲಿ. ವಾಟ್ಸ್ಆಪ್‌ನಲ್ಲಿ ಫೋಟೊ ಕಳಿಸುತ್ತೀರಿ. ಹೇಗೆಂದರೆ ಹಾಗೆ ತೆಗೆದ ಫೋಟೊದಲ್ಲಿ ಎಲ್ಲ ಕಪ್ಲರ್‌ಗಳೂ ಒಂದೇ ಥರದ ಕಪ್ಪು ಬಿಲ್ಲೆಗಳು.

ಮೊದಲು ಪ್ಲಗ್ ಕಿತ್ತು, ಮುರಿದದ್ದು ಮೋಟಾರ್ ಮೇಲಿನದೋ ಜಾರ್ ಅಡಿಯದೋ ನೋಡಿ. ಮೋಟಾರ್ ಕಪ್ಲರ್ ಮೋಟಾರ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ, ಜಾರ್‌ನದು ಜಾರ್ ನೆಟ್ಟಗಿದ್ದಾಗ ಮೇಲಿನಿಂದ ಕಾಣುವಂತೆ ಅದರ ವಿರುದ್ಧಕ್ಕೆ. ಕೆಲಸದ ಹೊರೆ ಬಿದ್ದಾಗ ಥ್ರೆಡ್ ಇನ್ನಷ್ಟು ಬಿಗಿಯಾಗಲಿ ಎಂದೇ ಹಾಗೆ ಮಾಡಿರುತ್ತಾರೆ. ತಿರುಗಿಸುವಾಗ ಶಾಫ್ಟ್ ಅಲುಗದಂತೆ ಹಿಡಿದಿರಬೇಕು.

ಬಿಚ್ಚಿದ ಕಪ್ಲರ್ ಪಕ್ಕ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿ.ಮೀ. ಆದರೆ ನೆಲದ ಮೇಲಲ್ಲ, ಬೆಂಕಿಪೊಟ್ಟಣವನ್ನೋ ರಟ್ಟನ್ನೋ ಕೊಟ್ಟು ಕಪ್ಲರ್‌ನ ಮೇಲಂಚಿನ ಎತ್ತರಕ್ಕೆ ಏರಿಸಿ. ತಪ್ಪು ಆಗುವುದೇ ಇಲ್ಲಿ: 20 ಮಿ.ಮೀ. ಎತ್ತರದ ಕಪ್ಲರನ್ನು 20 ಸೆಂ.ಮೀ. ದೂರದಿಂದ ತೆಗೆದರೆ, ಕ್ಯಾಮೆರಾಕ್ಕೆ ಹತ್ತಿರವಿರುವ ಮೇಲಂಚು ನೆಲದ ಮೇಲಿನ ನಾಣ್ಯಕ್ಕೆ ಹೋಲಿಸಿದಾಗ ಶೇ 11ರಷ್ಟು ದೊಡ್ಡದಾಗಿ ಕಾಣುತ್ತದೆ. ಎರಡು ಅಡಿ ದೂರ ನಿಂತು, ಝೂಮ್ ಮಾಡಿ, ನೇರ ಮೇಲಿನಿಂದ ತೆಗೆಯಿರಿ.

ಲೆಕ್ಕ ಸುಲಭ. ಪರದೆಯ ಮೇಲೆ ನಾಣ್ಯ 18 ಮಿ.ಮೀ., ಕಪ್ಲರ್ 28 ಮಿ.ಮೀ. ಬಂತು ಎನ್ನಿ. 28ನ್ನು 18ರಿಂದ ಭಾಗಿಸಿ 27ರಿಂದ ಗುಣಿಸಿದರೆ 42. ಅದೇ ಕಪ್ಲರ್‌ನ ನಿಜವಾದ ಅಗಲ.

ಹಲ್ಲು ಉದುರಿದ್ದರೆ ಎಣಿಕೆಗೆ ಹೋಗಬೇಡಿ. ಪಕ್ಕಪಕ್ಕದಲ್ಲಿ ಉಳಿದ ಎರಡು ಹಲ್ಲುಗಳ ನಡುವಿನ ಕೋನ ಸಾಕು: 120 ಡಿಗ್ರಿ ಇದ್ದರೆ ಮೂರು ಹಲ್ಲಿನದು, 90 ಇದ್ದರೆ ನಾಲ್ಕು, 60 ಇದ್ದರೆ ಆರು.

ಪಕ್ಕದಿಂದ ಇನ್ನೊಂದು ಫೋಟೊ ಎತ್ತರಕ್ಕೆ. ಹೊಸದು ಹೆಚ್ಚು ಎತ್ತರವಿದ್ದರೆ ಜಾರ್ ಕೂರುವುದಿಲ್ಲ. ಗಿಡ್ಡವಿದ್ದರೆ ಹಲ್ಲಿನ ತುದಿಯಷ್ಟೇ ಕಚ್ಚಿ ಬೇಗ ಸವೆಯುತ್ತದೆ. ಮೂರನೆಯದು ಅಡಿಭಾಗದ್ದು, ತೂತು ಥ್ರೆಡ್ ಇರುವುದೋ ಚೌಕವೋ ತಿಳಿಯಲು. ಮಿಕ್ಸಿಯ ತಳದಲ್ಲಿರುವ ಮಾಡೆಲ್ ಪಟ್ಟಿಯ ಫೋಟೊವನ್ನೂ ಸೇರಿಸಿ. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಕಪ್ಲರ್ ಬೇರೆ ಬೇರೆ ಇರಬಹುದು.

ಥ್ರೆಡ್‌ನ ಅಳತೆ ಮಾತ್ರ ಫೋಟೊದಲ್ಲಿ ನಂಬುವಂತಿಲ್ಲ. ಆದ್ದರಿಂದ ಕೊಳ್ಳಲು ಹೋಗುವಾಗ ಮುರಿದ ಚೂರನ್ನೂ ಜಾರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹೊಸ ಕಪ್ಲರ್ ಜಾರಿನೊಂದಿಗೆ ಸ್ವಲ್ಪ ಸಡಿಲವಾಗಿ ಕೂರಬೇಕು, ಆದರೆ ಜಾರಬಾರದು. ಹೊರಡುವ ಮುನ್ನ ಜಾರ್ ಬೋರಲು ಹಾಕಿ ಅಡಿಯ ಕಪ್ಲರ್ ಹಿಡಿದು ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಶಾಫ್ಟ್ ತಿರುಗುವ ಕೊಳವೆಯಾದ ಬುಷ್ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಸರಿಮಾಡಿಸದೆ ಹೊಸ ಕಪ್ಲರ್ ಹಾಕಿದರೆ ಗಟ್ಟಿ ಚಟ್ನಿ ರುಬ್ಬುವಾಗ ಅದೂ ಮುರಿಯುತ್ತದೆ.